ಸಾಕ್ಷ್ಯದಲ್ಲಿಲ್ಲದ ಪದ

ಯೋಜನಾ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಯಾರಾದರೂ ಎದೆ ತಟ್ಟಿ ಒಂದು ಮಾತು ಹೇಳಿದರೆ ಮೊದಲೆಲ್ಲ "ಯಾಕೆ ಹಾಗಂತೀರಿ?" ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಸಮರ್ಥನೆಗಳು ರಾಶಿ ಬೀಳುತ್ತವೆ, ಅಷ್ಟೇ. ಅವರು ಹೇಳದೆ ನಂಬಿಕೊಂಡದ್ದು ಹೊರಗೆ ಬರುವುದಿಲ್ಲ. ಅದು ಅವರ ಕಣ್ಣಿಗೂ ಬಿದ್ದಿರುವುದಿಲ್ಲವಲ್ಲ.

ಈಗ ಎರಡು ಸಾಲು ಬರೆಸುತ್ತೇನೆ. ಮೇಲೆ ಅವರ ತೀರ್ಮಾನ, ಕೆಳಗೆ ಅವರ ಕೈಯಲ್ಲಿರುವ ಸಾಕ್ಷ್ಯ. ಆಮೇಲೆ ಒಂದೇ ಹುಡುಕಾಟ: ಮೇಲಿನ ಸಾಲಿನಲ್ಲಿದ್ದು ಕೆಳಗೆ ಇಲ್ಲದ ಪದ ಯಾವುದು?

ಒಬ್ಬ ಮ್ಯಾನೇಜರ್ ಹೀಗೆ ಬರೆದರು: "ಹೊಸ ವ್ಯವಸ್ಥೆಯಿಂದ ಗ್ರಾಹಕರಿಗೆ ತೃಪ್ತಿಯಾಗಿದೆ." ಸಾಕ್ಷ್ಯ: ತಿಂಗಳಿಗೆ 240 ಇದ್ದ ದೂರುಗಳು 120ಕ್ಕೆ ಇಳಿದಿವೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಎಣಿಸಿದ್ದು ದೂರನ್ನು, ಹೇಳಿದ್ದು ತೃಪ್ತಿಯನ್ನು. "ದೂರಿನಿಂದ ತೃಪ್ತಿಗೆ ಹೋಗಬೇಕಾದರೆ ನಡುವೆ ಏನು ನಿಜವಾಗಿರಬೇಕು ಸಾರ್?" ಎಂದೆ. ಸ್ವಲ್ಪ ಯೋಚಿಸಿ, "ಬೇಜಾರಾದವರು ಮೊದಲಿನಂತೆಯೇ ದೂರು ಕೊಡುತ್ತಿರಬೇಕು" ಎಂದರು. ಇನ್ನೊಂದನ್ನೂ ಸೇರಿಸಿದರು: "ಸಿಬ್ಬಂದಿಯೆಲ್ಲ ಹೊಸ ವ್ಯವಸ್ಥೆ ಬಳಸುತ್ತಿರಬೇಕು."

ಊಹೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. ಹುಡುಕುತ್ತ ಹೋದರೆ ಯಾವ ಮಾತಿನ ಹಿಂದೆಯೂ ಇಪ್ಪತ್ತು ಊಹೆ ಸಿಗುತ್ತವೆ, ಹೆಚ್ಚಿನವು ನಿರುಪದ್ರವಿ. ತೀರ್ಮಾನದ ಭಾರ ಹೊತ್ತಿರುವುದು ಯಾವುದೆಂದು ತಿಳಿಯಲು ಒಂದೊಂದನ್ನೂ ತಿರುಗಿಸಿ, ಅಂದರೆ ಅದು ನಿಜವಲ್ಲ ಎಂದುಕೊಂಡು, ನೋಡಬೇಕು. ಸಿಬ್ಬಂದಿಯಲ್ಲಿ ಕೆಲವರು ಬಳಸುತ್ತಿಲ್ಲ ಎಂದುಕೊಳ್ಳಿ. ಆಗಲೂ ಗ್ರಾಹಕರು ತೃಪ್ತರಾಗಿರಬಹುದು, ತೀರ್ಮಾನ ಅಲುಗುವುದಿಲ್ಲ. ಬೇಜಾರಾದವರಲ್ಲಿ ಅನೇಕರು ಈಗ ದೂರು ಕೊಡುತ್ತಿಲ್ಲ ಎಂದುಕೊಳ್ಳಿ. 120 ಎಂಬ ಅಂಕಿ ಹಾಗೇ ಉಳಿಯುತ್ತದೆ, ತೃಪ್ತಿಗೆ ಮಾತ್ರ ಆಧಾರವಿರುವುದಿಲ್ಲ.

ತಿರುಗಿಸುವಾಗ ಅತಿಗೆ ಹೋಗಬಾರದು. "ಎಲ್ಲರೂ" ಎಂಬುದರ ವಿರುದ್ಧ "ಯಾರೂ ಇಲ್ಲ" ಅಲ್ಲ, "ಕೆಲವರು ಇಲ್ಲ". ಹೊಸಬರು ಹೆಚ್ಚು ಎಡವುವುದು ಇಲ್ಲೇ: "ಸಿಬ್ಬಂದಿಯಲ್ಲಿ ಒಬ್ಬರೂ ಬಳಸುತ್ತಿಲ್ಲ" ಎಂದು ತಿರುಗಿಸಿದ್ದರೆ ಆ ಸಾಧು ಊಹೆಯೂ ಅಪಾಯಕಾರಿಯಾಗಿ ಕಾಣುತ್ತಿತ್ತು.

ಇಷ್ಟರಿಂದ ಮ್ಯಾನೇಜರ್ ಹೇಳಿದ್ದು ಸುಳ್ಳೆಂದು ಸಾಬೀತಾಗಲಿಲ್ಲ. ಎಲ್ಲಿ ಹೋಗಿ ನೋಡಬೇಕೆಂಬುದಷ್ಟೇ ಗೊತ್ತಾಯಿತು. ದೂರಿನ ಹೊಸ ಫಾರಂ ತೆರೆದೆವು. ಆರ್ಡರ್ ಸಂಖ್ಯೆ ತುಂಬದಿದ್ದರೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲ. ಹಳೆಯ ಫಾರಂನಲ್ಲಿ ಆ ಕಟ್ಟುಪಾಡು ಇರಲಿಲ್ಲ. ಅರ್ಧಕ್ಕೇ ಬಿಟ್ಟುಹೋದ ಫಾರಂಗಳ ಲೆಕ್ಕ ಸರ್ವರ್‌ನಲ್ಲೇ ಇತ್ತು, ಯಾರೂ ಕೇಳಿರಲಿಲ್ಲ: ಆ ತಿಂಗಳು 95.

ಆ 95 ಫಾರಂ ಬಿಟ್ಟುಹೋದವರೆಲ್ಲ ಅತೃಪ್ತರೇ ಎಂದು ಹೇಳಲು ನಾನೂ ತಯಾರಿರಲಿಲ್ಲ, ಅದೂ ಇನ್ನೊಂದು ಊಹೆಯೇ. ಮ್ಯಾನೇಜರ್ ವರದಿಯಲ್ಲಿ "ತೃಪ್ತಿಯಾಗಿದೆ" ಎಂಬುದನ್ನು ಹೊಡೆದುಹಾಕಿ "ಫಾರಂ ಮೂಲಕ ಬರುವ ದೂರು ಕಡಿಮೆಯಾಗಿದೆ" ಎಂದು ಬರೆದರು.