‘ಮೂರು ಕೊಟ್ರಲ್ಲ ಸಾರ್’ ಅಂದಾಗ

ನಮ್ಮ ಹೊಸೂರಿನ ಕಾರ್ಖಾನೆಯಲ್ಲಿ ಏಪ್ರಿಲ್ ಕೊನೆಗೆ ವರ್ಷದ ಕೆಲಸದ ರೇಟಿಂಗ್ ಪತ್ರ ಕೈಗೆ ಬರುತ್ತದೆ. ಐದಕ್ಕೆ ಎರಡು ಬಂದವರು ಅಷ್ಟು ಗಲಾಟೆ ಮಾಡುವುದಿಲ್ಲ, ವರ್ಷವಿಡೀ ಬೈಸಿಕೊಂಡಿರುತ್ತಾರೆ. ಮುಖ ಬಾಡಿಸಿಕೊಂಡು ಬರುವವರು ಮೂರು ಬಂದವರೇ. ಅವರಿಗೆ ಅಲ್ಲಿಯವರೆಗೆ ಯಾರೂ ಏನೂ ಹೇಳಿರುವುದಿಲ್ಲ.

ಕಳೆದ ವರ್ಷ ಅಂಥದೊಂದು ಮಾತುಕತೆಯಲ್ಲಿ ನಾನೂ ಕೂತಿದ್ದೆ. ಹುಡುಗ ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯವನು, ಕ್ವಾಲಿಟಿ ಇಂಜಿನಿಯರ್. ಮ್ಯಾನೇಜರ್ ಅತ್ತಿಬೆಲೆ ದಾಟಿ ದಿನಾ ಬರುವವರು. ಇಬ್ಬರೂ ಕನ್ನಡದವರೇ, ಆದರೆ ಮಾತು ಕಷ್ಟಕ್ಕೆ ಬಂದೊಡನೆ ಮ್ಯಾನೇಜರ್ ಇಂಗ್ಲಿಷಿಗೆ ಜಾರಿದರು. ಆಮೇಲೆ ‘ಮೂರೂ ಒಳ್ಳೆಯದೇ ಕಣ್ರೀ, ಸುಮಾರು ಜನಕ್ಕೆ ಅಷ್ಟೇ’ ಅಂದರು. ಅದೂ ನಾಟದಾಗ, ‘ನಾನು ನಾಲ್ಕೇ ಹಾಕಿದ್ದೆ, ಮೇಲಿನವರು ಇಳಿಸಿದ್ರು’ ಅಂದರು. ಈ ಕೊನೆಯ ಮಾತು ಎಲ್ಲಕ್ಕಿಂತ ದುಬಾರಿ. ಮುಂದಿನ ವರ್ಷ ಇವರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ನಿಜವಾಗಿಯೂ ನಾಲ್ಕಕ್ಕೆ ವಾದಿಸಿದ್ದರೆ ಹಾಗೇ ಹೇಳಬಹುದು, ಆದರೆ ವಾದ ಯಾಕೆ ನಿಲ್ಲಲಿಲ್ಲ ಎಂಬ ಕಾರಣವನ್ನೂ ಸೇರಿಸಿ.

ಚಹಾ ತರಿಸಿ ಮತ್ತೆ ಶುರು ಮಾಡಿಸಿದೆ. ಈ ಸಲ ಮ್ಯಾನೇಜರ್ ಕೇಳಿದರು: ‘ನಿಮ್ಮ ಲೆಕ್ಕದಲ್ಲಿ ಎಷ್ಟು ಬರಬೇಕಿತ್ತು, ಯಾವ ಕೆಲಸಕ್ಕೆ? ಹೇಳಿ, ಬರ್ಕೊಳ್ತೀನಿ.’ ಹುಡುಗ ಎರಡು ಕೆಲಸ ಹೇಳಿದ. ಜೊತೆಗಾರ ರಜೆಯಲ್ಲಿದ್ದ ಎರಡು ತಿಂಗಳು ಒಬ್ಬನೇ ನೈಟ್ ಶಿಫ್ಟ್ ನೋಡಿದ್ದು. ಒಂದು ಗೇಜ್ ತಪ್ಪು ಅಳೆಯುತ್ತಿದ್ದದ್ದನ್ನು ಹಿಡಿದು ರಿಜೆಕ್ಷನ್ ತಗ್ಗಿಸಿದ್ದು. ಗೇಜಿನ ವಿಷಯ ಮ್ಯಾನೇಜರಿಗೆ ಮರೆತೇ ಹೋಗಿತ್ತು. ಹುಡುಗನ ಸ್ವಯಂ ಮೌಲ್ಯಮಾಪನದ ಫಾರಂನಲ್ಲೂ ಅದಿರಲಿಲ್ಲ. ಇಂಗ್ಲಿಷ್ ಫಾರಂ ಅಂತ ಎರಡು ಸಾಲು ಬರೆದು ಕೊಟ್ಟಿದ್ದ.

ಮ್ಯಾನೇಜರ್ ಅಂದರು: ‘ಗೇಜಿಂದು ನಾನು ಬರೆಯದೇ ಇದ್ದದ್ದು ನನ್ನ ತಪ್ಪು, ಇವತ್ತೇ ಫೈಲಿಗೆ ಸೇರಿಸ್ತೀನಿ. ಆದ್ರೂ ಮೂರು ಮೂರೇ. ಗ್ರಾಹಕರ ಆರು ದೂರಿನಲ್ಲಿ ಮೂರಕ್ಕೆ, ಕಾರಣ ಹುಡುಕಿ ಸರಿಪಡಿಸಿದ್ದನ್ನ ಬರೆದು ಕಳಿಸೋ 8ಡಿ ವರದಿ ತಡವಾಗಿ ಹೋಯ್ತು. ಆ ಗಡುವು ನಾವಿಬ್ರೂ ಕೂತು ಬರೆದದ್ದು.’

‘ಅದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ ಸಾರ್?’

ಸಿಟ್ಟಿನ ಬೇರು ಇಲ್ಲಿತ್ತು, ಅಂಕಿಯಲ್ಲಲ್ಲ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡನೇದು ತಡ ಆದಾಗ್ಲೇ ಕರೆದು ಹೇಳ್ಬೇಕಿತ್ತು, ಹೇಳ್ಲಿಲ್ಲ’ ಅಂದರು. ನೆಪ ಹೇಳಲಿಲ್ಲ. ಹುಡುಗನ ಭುಜ ಇಳಿದದ್ದು ಆಗ.

ಫೈಲಿನಲ್ಲಿ ದಾಖಲೆಯೇ ತಪ್ಪಿದ್ದರೆ, ಅಂದರೆ ಯಾರದೋ ತಡ ಇನ್ಯಾರದೋ ಹೆಸರಿಗೆ ಬಿದ್ದಿದ್ದರೆ, ರೇಟಿಂಗನ್ನೇ ಮತ್ತೆ ತೆರೆಸಬೇಕು. ಇಲ್ಲಿ ಹಾಗಿರಲಿಲ್ಲ. ‘ಮುಂದಿನ ವರ್ಷ ನಾಲ್ಕು ಕೊಡಿಸ್ತೀನಿ’ ಎಂಬ ಆಸೆ ತೋರಿಸಲು ನಾನು ಬಿಡಲಿಲ್ಲ, ಅದು ಅವರ ಕೈಲಿರುವುದಲ್ಲ. ಬದಲಿಗೆ ನಾಲ್ಕು ಅಂದರೆ ಏನು ಎಂದು ಬರೆದುಕೊಟ್ಟರು: ಎಲ್ಲ 8ಡಿ ವರದಿ ಗಡುವಿನೊಳಗೆ, ಗೇಜ್ ತಪಾಸಣೆ ಪಕ್ಕದ ಲೈನಿಗೂ ವಿಸ್ತರಣೆ.

ಹುಡುಗ ಚೀಟಿಯನ್ನು ಓದಿ, ‘ಜುಲೈನಲ್ಲಿ ಒಂದ್ಸಲ ಕೂರೋಣ್ವಾ ಸಾರ್?’ ಅಂದ. ಮ್ಯಾನೇಜರ್ ಮೊಬೈಲ್ ತೆಗೆದು ಅವನ ಎದುರಿಗೇ ತಾರೀಖು ಹಾಕಿದರು.