ಬಿಗ್ ತ್ರೀ: ಬಯೋದಲ್ಲಿರುವ ಮೂರು ರಾಶಿಗಳು ನಿಜಕ್ಕೂ ಏನು ಹೇಳುತ್ತವೆ?

ಡೇಟಿಂಗ್ ಆ್ಯಪ್‌ನಲ್ಲಿ ಯಾರೋ ಇಷ್ಟವಾದರು ಅಂದುಕೊಳ್ಳಿ. ಫೋಟೋ ನೋಡಿದ್ದಾಯಿತು, ಬಯೋ ಓದಿದ್ದಾಯಿತು. ಆಮೇಲೆ ಕಣ್ಣು ಹೋಗುವುದು ಎತ್ತರ, ಕೆಲಸ ಇವುಗಳ ಪಕ್ಕದಲ್ಲಿರುವ ಪುಟ್ಟ ಚಿಹ್ನೆಯ ಕಡೆಗೆ. ‘ಸ್ಕಾರ್ಪಿಯೋ’ ಅಂತಿರುತ್ತದೆ. ಕೆಲವರು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಸ್ಕಾರ್ಪಿಯೋ ಸನ್, ಜೆಮಿನಿ ಮೂನ್, ಲಿಯೋ ರೈಸಿಂಗ್’ ಅಂತ ಪೂರ್ತಿ ಬರೆದಿರುತ್ತಾರೆ. ಈ ಮೂರನ್ನೂ ಸೇರಿಸಿ ‘ಬಿಗ್ ತ್ರೀ’ ಅನ್ನುತ್ತಾರೆ.

ಸನ್ ಸೈನ್ ಅಂದರೆ ಹುಟ್ಟಿದಾಗ ಸೂರ್ಯ ಇದ್ದ ರಾಶಿ. ಸೂರ್ಯ ಒಂದು ರಾಶಿಯಲ್ಲಿ ಸುಮಾರು 30 ದಿನ ಇರುತ್ತಾನೆ. ಮೂನ್ ಸೈನ್ ಅಂದರೆ ಚಂದ್ರ ಇದ್ದ ರಾಶಿ. ಚಂದ್ರನ ಓಟ ಜೋರು, ಎರಡು ಎರಡೂವರೆ ದಿನಕ್ಕೆ ಮನೆ ಬದಲಿಸುತ್ತಾನೆ. ರೈಸಿಂಗ್ ಅಂದರೆ ನಮ್ಮ ಮಾತಿನ ಲಗ್ನ. ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಮೇಲೇರುತ್ತಿದ್ದ ರಾಶಿ ಅದು, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಈ ಮೂರು ಅವಧಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇಲ್ಲೊಂದು ಗೊಂದಲ ಇದೆ. ಕನ್ನಡದಲ್ಲಿ ‘ನಿನ್ನ ರಾಶಿ ಯಾವುದು?’ ಅಂತ ಕೇಳಿದರೆ ನಾವು ಹೇಳುವುದು ಚಂದ್ರನ ರಾಶಿಯನ್ನು. ಆ್ಯಪ್‌ನ ಬ್ಯಾಡ್ಜ್ ಹೇಳುವುದು ಸೂರ್ಯನದ್ದನ್ನು. ಸಾಲದ್ದಕ್ಕೆ ಎಣಿಸುವ ರೀತಿಯೂ ಬೇರೆ. ಆ್ಯಪ್‌ನಲ್ಲಿ ಬರುವ ಪಾಶ್ಚಾತ್ಯ ಪದ್ಧತಿ ಹಗಲು ರಾತ್ರಿ ಸಮನಾಗುವ ವಿಷುವದಿಂದ ಲೆಕ್ಕ ಶುರು ಮಾಡುತ್ತದೆ, ಪಂಚಾಂಗದ ಪದ್ಧತಿ ನಕ್ಷತ್ರಗಳಿಂದ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರವಿದೆ. ಹಾಗಾಗಿ ಜಾತಕದಲ್ಲಿರುವ ರಾಶಿಗೂ ಆ್ಯಪ್‌ನಲ್ಲಿರುವ ಸೈನ್‌ಗೂ ತಾಳೆಯಾಗದಿದ್ದರೆ ಯಾರೂ ಸುಳ್ಳು ಹೇಳಿದ್ದಾರೆ ಅಂತಲ್ಲ.

ಇದಕ್ಕೆ ಎಷ್ಟು ತೂಕ ಕೊಡುತ್ತಾರೆ ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಅದು ಮಾತು ಶುರು ಮಾಡಲು ಒಂದು ನೆಪ. ಕೆಲವರಿಗೆ ಜರಡಿ. ಬಂಬಲ್‌ನಂಥ ಆ್ಯಪ್‌ನಲ್ಲಿ ಸೈನ್ ನೋಡಿ ಜನರನ್ನು ಸೋಸುವ ಫಿಲ್ಟರ್ ಕೂಡ ಇದೆ. ಮೂರು ಸೈನ್ ಬೇಡ ಅಂದರೆ ಹೆಚ್ಚುಕಡಿಮೆ ಕಾಲು ಭಾಗ ಜನ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ನನಗೆ ಹೆಚ್ಚು ಚಿಂತೆಯ ಗುಂಪು ಅನ್ನಿಸುವುದು ಮೂರನೆಯದು. ಎದುರಿನವರು ಎರಡು ದಿನ ಉತ್ತರ ಕೊಡಲಿಲ್ಲ ಅಂದರೆ ‘ಸ್ಕಾರ್ಪಿಯೋ ಅಲ್ವಾ, ಹಾಗೇ ಇರೋದು’ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಆಸಕ್ತಿ ಇಲ್ಲ ಅನ್ನುವ ಸರಳ ಸಾಧ್ಯತೆ ಅಲ್ಲಿ ಮುಚ್ಚಿಹೋಗುತ್ತದೆ.

ಸೈನ್ ಹೊಂದಿದರೆ ಜೋಡಿ ಹೊಂದುತ್ತದೆಯೇ? ಇದನ್ನು ದೊಡ್ಡ ಮಟ್ಟದಲ್ಲೇ ನೋಡಿದವರಿದ್ದಾರೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ವೋಸ್ ಎಂಬ ಸಂಶೋಧಕರು 2007ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯನ್ನು ತೆಗೆದುಕೊಂಡು ಸುಮಾರು ಒಂದು ಕೋಟಿ ದಂಪತಿಗಳ ಜನ್ಮದಿನಗಳನ್ನು ಹೋಲಿಸಿದರು. ಯಾವ ಸೈನ್‌ನವರು ಯಾವ ಸೈನ್‌ನವರನ್ನು ಜಾಸ್ತಿ ಮದುವೆಯಾಗಿದ್ದಾರೆ ಅಂತ ಹುಡುಕಿದರೆ, ಜ್ಯೋತಿಷ್ಯ ಹೇಳುವ ಯಾವ ಒಲವೂ ಸಿಗಲಿಲ್ಲ. ಒಂದೇ ಸೈನ್‌ನ ಜೋಡಿಗಳು ಮಾತ್ರ ನಿರೀಕ್ಷೆಗಿಂತ ಚೂರು ಹೆಚ್ಚಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಪ್ರೇಮವಲ್ಲ, ಫಾರ್ಮ್. ಮನೆಯಲ್ಲಿ ಒಬ್ಬರೇ ಕೂತು ಎಲ್ಲರ ವಿವರ ತುಂಬುವಾಗ ಗಂಡನ ಅಥವಾ ಹೆಂಡತಿಯ ಜಾಗದಲ್ಲೂ ತಮ್ಮದೇ ಜನ್ಮದಿನ ಬರೆದುಬಿಡುತ್ತಾರೆ. ಅಂಥ ತಪ್ಪುಗಳನ್ನು ಕಳೆದರೆ ಹೆಚ್ಚಳವೇ ಉಳಿಯಲಿಲ್ಲ.

ಆದರೂ ಓದಿದಾಗ ‘ಅರೆ, ನನ್ನ ಬಗ್ಗೇನೇ ಬರೆದಿದ್ದಾರೆ’ ಅನ್ನಿಸುತ್ತದಲ್ಲ? ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ‘ಇದು ನಿಮ್ಮ ಸ್ವಭಾವದ ವರದಿ’ ಅಂತ ಒಂದೊಂದು ಹಾಳೆ ಹಂಚಿದರು. 5ಕ್ಕೆ ಎಷ್ಟು ಸರಿ ಅಂತ ಕೇಳಿದಾಗ ಸರಾಸರಿ 4.3ರ ಹತ್ತಿರ ಅಂಕ ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ, ಅದರ ವಾಕ್ಯಗಳನ್ನು ಆಯ್ದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಕ್ರಶ್ ವಿಷಯದಲ್ಲಂತೂ ಮನಸ್ಸು ಮೊದಲೇ ಹೂಂ ಅನ್ನಲು ತಯಾರಾಗಿರುತ್ತದೆ.

ಸ್ವಭಾವದ ಬಗ್ಗೆ ಏನೂ ಹೇಳದ ಈ ಮೂರು ಪದಗಳು ಬೇರೊಂದು ವಿಷಯವನ್ನು ಮಾತ್ರ ಚೆನ್ನಾಗಿ ಹೇಳುತ್ತವೆ. ನೀವು ಹುಟ್ಟಿದ್ದು ಯಾವಾಗ ಅನ್ನುವುದನ್ನು.

ಲೆಕ್ಕ ಹಾಕಿ ನೋಡೋಣ. 2025ರ ಜೂನ್‌ನಲ್ಲಿ ಒಂದು ಪ್ರೊಫೈಲ್ ನೋಡುತ್ತೀರಿ. ವಯಸ್ಸು 27, ಸ್ಕಾರ್ಪಿಯೋ ಸನ್, ಜೆಮಿನಿ ಮೂನ್. ಆ ಹೊತ್ತಿಗೆ 27 ಆಗಿರಬೇಕಾದರೆ 1997ರ ಜೂನ್‌ನಿಂದ 1998ರ ಜೂನ್ ಒಳಗೆ ಹುಟ್ಟಿರಬೇಕು. ಆ ನಡುವೆ ಸ್ಕಾರ್ಪಿಯೋ ಬರುವುದು ಒಂದೇ ಸಲ, 1997ರ ಅಕ್ಟೋಬರ್ 23ರ ಸುಮಾರಿನಿಂದ ನವೆಂಬರ್ 22ರ ತನಕ. ಇಲ್ಲಿಗೆ 365 ದಿನ ಹೋಗಿ 30 ಉಳಿಯಿತು. ಇನ್ನು ಚಂದ್ರ. ಆ ವರ್ಷ ನವೆಂಬರ್ 14ರಂದು ಹುಣ್ಣಿಮೆ. ಹುಣ್ಣಿಮೆಯ ದಿನ ಚಂದ್ರ ಸೂರ್ಯನ ಎದುರಿಗಿರುವುದರಿಂದ ಅವನು ಅವತ್ತು ವೃಷಭದಲ್ಲಿದ್ದ. ಮರುದಿನ ಮಿಥುನಕ್ಕೆ, ಅಂದರೆ ಜೆಮಿನಿಗೆ ದಾಟಿದ. 17ರ ಹೊತ್ತಿಗೆ ಅಲ್ಲಿಂದಲೂ ಹೊರಟ. ಅದಕ್ಕೆ ಮುಂಚೆ ಅವನು ಜೆಮಿನಿಯಲ್ಲಿದ್ದದ್ದು ಅಕ್ಟೋಬರ್ 20ರ ಆಸುಪಾಸು, ಆಗ ಸೂರ್ಯ ಸ್ಕಾರ್ಪಿಯೋಗೆ ಬಂದಿರಲಿಲ್ಲ. ಹಾಗಾದರೆ ಜನ್ಮದಿನ ನವೆಂಬರ್ 15, 16 ಅಥವಾ 17. ಮುಗಿಯಿತು. ರೈಸಿಂಗ್ ಕೂಡ ಕೊಟ್ಟಿದ್ದರೆ, ಹುಟ್ಟಿದ ಊರು ಗೊತ್ತಿದ್ದವರಿಗೆ ದಿನದ ಯಾವ ಎರಡು ಗಂಟೆ ಅನ್ನುವುದೂ ಸಿಗುತ್ತದೆ.

ಇದಕ್ಕೆ ಜಾಣತನ ಬೇಕಿಲ್ಲ, ಪಾಶ್ಚಾತ್ಯ ಪದ್ಧತಿಯ ಒಂದು ಉಚಿತ ವೆಬ್‌ಸೈಟ್ ಸಾಕು. ಜನ್ಮದಿನ ಗುಟ್ಟಿನ ವಿಷಯವೇನಲ್ಲ, ನಿಜ. ಆದರೆ ಹೆಸರಿನ ಜೊತೆ ಪೂರ್ತಿ ಹುಟ್ಟಿದ ದಿನಾಂಕ ಸೇರಿದರೆ ಅದು ಅನೇಕ ಕಡೆ ನೀವು ನೀವೇ ಅಂತ ತೋರಿಸುವ ಗುರುತು. ಪಾಸ್‌ವರ್ಡ್ ಮರೆತಾಗ, ಫೋನಿನಲ್ಲಿ ಖಾತೆಯ ವಿವರ ಕೇಳುವಾಗ ಮೊದಲು ಬರುವ ಪ್ರಶ್ನೆಯೇ ಅದು.

ಬ್ಯಾಡ್ಜ್ ಒಂದೇ ಇದ್ದರೆ 30 ದಿನದ ತನಕ ಮಾತ್ರ ಹೋಗಬಹುದು. ಆದರೆ ಅಲ್ಲೊಂದು ಸಣ್ಣ ತೂತಿದೆ. ಮ್ಯಾಚ್ ಆಗಿ ಸುಮ್ನೆ ಉಳಿದುಕೊಂಡವರಿಗೆ ಒಂದು ಬೆಳಿಗ್ಗೆ ನಿಮ್ಮ ವಯಸ್ಸು 27ರಿಂದ 28ಕ್ಕೆ ಬದಲಾದದ್ದು ಕಾಣಿಸುತ್ತದೆ. ಅವತ್ತೇ ಹುಟ್ಟುಹಬ್ಬ. ಯಾವ ತಿಂಗಳಲ್ಲಿ ಕಣ್ಣಿಡಬೇಕು ಅಂತ ಸೈನ್ ಮೊದಲೇ ಹೇಳಿರುತ್ತದೆ.

ಇನ್ನೊಂದು ದಾರಿ ಮಾತುಕತೆ. ‘ಎಷ್ಟು ಗಂಟೆಗೆ ಹುಟ್ಟಿದ್ದು? ಎಲ್ಲಿ? ನಮ್ಮ ಚಾರ್ಟ್ ಹೊಂದುತ್ತಾ ನೋಡ್ತೀನಿ.’ ಮುದ್ದಾದ ಪ್ರಶ್ನೆ, ಹೆಚ್ಚಿನ ಸಲ ಮುಗ್ಧವೂ ಹೌದು. ಆದರೆ ‘ನಿಮ್ಮ ಜನ್ಮದಿನಾಂಕ, ಊರು ಹೇಳಿ’ ಅಂತ ಅಪರಿಚಿತರು ನೇರವಾಗಿ ಕೇಳಿದರೆ ತಡವರಿಸುವವರು ಇಲ್ಲಿ ಪಟ್ ಅಂತ ಹೇಳಿಬಿಡುತ್ತಾರೆ. ಮೋಸ ಮಾಡುವವರಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕೇ? ಉಲ್ಟಾ ಕೂಡ ನಡೆಯುತ್ತದೆ. ನಾವೇ ಕ್ರಶ್‌ನ ದಿನಾಂಕ, ಸಮಯ, ಊರನ್ನು ಹೊಂದಾಣಿಕೆ ನೋಡುವ ಯಾವುದೋ ಆ್ಯಪ್‌ಗೆ ತುಂಬುತ್ತೇವೆ. ಅವರನ್ನು ಒಂದು ಮಾತು ಕೇಳಿರುವುದಿಲ್ಲ.

ನನ್ನ ಗೆಳತಿಯೊಬ್ಬಳ ಬಯೋದಲ್ಲಿ ಬಿಗ್ ತ್ರೀ ಪೂರ್ತಿ ಇತ್ತು. ಅವಳ ಪ್ರೊಫೈಲ್ ನೋಡಿ ಮೂರು ತಾರೀಖು ಹೇಳಿದೆ, ನಡುವಿನದ್ದು ಸರಿಯಾಗಿತ್ತು. ಅವಳು ಸನ್ ಉಳಿಸಿಕೊಂಡು ಮೂನ್, ರೈಸಿಂಗ್ ತೆಗೆದಳು. ಹುಟ್ಟಿದ ಗಂಟೆ ಯಾರಾದರೂ ಕೇಳಿದರೆ ಈಗ ಅವಳ ಉತ್ತರ ಒಂದೇ: ‘ಅಮ್ಮನ್ನ ಕೇಳ್ಬೇಕು.’