ಟೇಬಲ್ ಟೆನಿಸ್ ಸರ್ವ್: ಆ 16 ಸೆಂಟಿಮೀಟರ್ ಯಾಕೆ?

ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನ ಹಾಕಿ ಮೈದಾನಗಳೆಲ್ಲ ಕೆಸರು. ಆಗ ಶಾಲೆಯ ಹಾಲ್‌ನಲ್ಲಿರುವ ಟಿಟಿ ಟೇಬಲ್‌ಗೆ ಬೇಡಿಕೆ ಜಾಸ್ತಿ, ಜಗಳವೂ ಜಾಸ್ತಿ. ಕ್ಲಬ್ ಗೋಡೆಗೆ ಪೋಸ್ಟರ್ ಬರೆಯುವವರು ಸರ್ವ್‌ನಿಂದಲೇ ಶುರು ಮಾಡಲಿ. ಹೆಚ್ಚಿನ ತಕರಾರು ಹುಟ್ಟುವುದು ಅಲ್ಲೇ.

ಸರ್ವ್ ಮಾಡುವವರ ಅಂಗೈ ಬಿಚ್ಚಿರಬೇಕು, ಅಲುಗಾಡಬಾರದು. ಬಾಲ್ ಅದರ ಮೇಲೆ ಸುಮ್ನೆ ಕೂತಿರಬೇಕು. ಅಲ್ಲಿಂದ ಅದನ್ನು ತಿರುಗಿಸದೆ, ಹೆಚ್ಚುಕಡಿಮೆ ನೇರವಾಗಿ ಮೇಲಕ್ಕೆ, ಕನಿಷ್ಠ 16 ಸೆಂಟಿಮೀಟರ್ ಎಸೆಯಬೇಕು. ಕೆಳಗೆ ಬೀಳುವಾಗ ಮಾತ್ರ ಹೊಡೆಯಬೇಕು. ಈ ಹೊತ್ತಿನಲ್ಲೆಲ್ಲ ಬಾಲ್ ಟೇಬಲ್ ಮಟ್ಟಕ್ಕಿಂತ ಮೇಲೆ, ಟೇಬಲ್ ಅಂಚಿನ ಗೆರೆಯ ಹಿಂದೆ ಇರಬೇಕು.

ಇಷ್ಟೊಂದು ಕಟ್ಟುಪಾಡು ಯಾಕೆ? ಬಾಲ್ ತೂಗುವುದು 2.7 ಗ್ರಾಂ ಮಾತ್ರ. ಬೆರಳಲ್ಲಿ ಚೂರು ತಿರುವಿದರೂ ಗಿರಗಿರ ಸುತ್ತುತ್ತದೆ. 1930ರ ದಶಕದಲ್ಲಿ ಅಮೆರಿಕದ ಆಟಗಾರರು ಹೀಗೇ ಬೆರಳಿನಿಂದ ಸ್ಪಿನ್ ಕೊಟ್ಟು ಎದುರಾಳಿಗಳನ್ನು ಕಂಗೆಡಿಸುತ್ತಿದ್ದರು. ಬಿಚ್ಚಿದ ಅಂಗೈಯಲ್ಲಿ ಆ ಆಟ ನಡೆಯುವುದಿಲ್ಲ. ಇನ್ನು 16 ಸೆಂಟಿಮೀಟರ್ ಏರಿ ಇಳಿಯಲು ಬಾಲ್‌ಗೆ ಸುಮಾರು 0.36 ಸೆಕೆಂಡ್ ಬೇಕು. ಅಷ್ಟರಲ್ಲಿ ಎದುರಿನವರ ಕಣ್ಣು ಬಾಲ್ ಮೇಲೆ ನೆಡುತ್ತದೆ. ಆದರೆ ಮೈ ಅಥವಾ ತೋಳು ಅಡ್ಡ ಬಂದರೆ ನೋಡುವುದೇನು? ಅದಕ್ಕೇ 2002ರಿಂದ ಬಾಲ್ ಮರೆಮಾಡುವುದೂ ತಪ್ಪು. ಎಸೆದ ಕೂಡಲೇ ಆ ಕೈಯನ್ನು ಪಕ್ಕಕ್ಕೆ ತೆಗೆಯಬೇಕು.

ಅಳೆಯುವುದು ಹೇಗೆ? ನೆಟ್‌ನ ಎತ್ತರ 15.25 ಸೆಂಟಿಮೀಟರ್. ಬಾಲ್ ಅಂಗೈ ಬಿಟ್ಟ ಮೇಲೆ ಅದಕ್ಕಿಂತ ತುಸು ಜಾಸ್ತಿ ಏರಬೇಕು, ಅಷ್ಟೇ. ಬಾಲ್ ಜೊತೆ ಕೈಯನ್ನೂ ಎತ್ತುತ್ತಾ ಹೋಗುವವರಿದ್ದಾರೆ. ಕೈ ಏರಿದ್ದು ಲೆಕ್ಕಕ್ಕಿಲ್ಲ.

ಸರ್ವ್ ನೆಟ್ ತಾಗಿ, ಉಳಿದದ್ದೆಲ್ಲ ಸರಿಯಾಗಿ ಎದುರಿನ ಅಂಗಳದಲ್ಲಿ ಬಿದ್ದರೆ ಅದು ಲೆಟ್. ಪಾಯಿಂಟ್ ಯಾರಿಗೂ ಇಲ್ಲ, ಮತ್ತೆ ಸರ್ವ್. ಮೂರು ಸಲ ಆದರೆ ಪಾಯಿಂಟ್ ಹೋಯಿತು ಎಂಬ ಮಾತು ಕೇಳಿರಬಹುದು, ಹಾಗೇನಿಲ್ಲ. ಹತ್ತು ಸಲ ತಾಗಿದರೂ ಲೆಟ್ಟೇ. ನೆಟ್ ತಾಗಿ ಟೇಬಲ್ ಆಚೆ ಬಿದ್ದರೆ ಮಾತ್ರ ಪಾಯಿಂಟ್ ಎದುರಿನವರಿಗೆ. ಸರ್ವ್ ಮುಗಿದು ಆಟ ನಡೆಯುವಾಗ ನೆಟ್ ತಾಗಿ ಎದುರಿನ ಅಂಗಳದಲ್ಲಿ ಬಿದ್ದ ಬಾಲ್‌ಗೆ ಲೆಟ್ ಇಲ್ಲ, ಆಟ ಮುಂದುವರಿಯುತ್ತದೆ. ಪಕ್ಕದವರ ಬಾಲ್ ಉರುಳಿ ಬಂದು ಅಡ್ಡಿಯಾದರೆ ಅದೂ ಲೆಟ್.

ಗೇಮ್ 11 ಪಾಯಿಂಟ್‌ಗೆ. 2001ರವರೆಗೆ 21 ಇತ್ತು. ಪ್ರತಿ ಎರಡು ಪಾಯಿಂಟ್‌ಗೆ ಸರ್ವ್ ಬದಲು. ಯಾರ ಸರದಿ ಎಂದು ಮರೆತರೆ ಪಾಯಿಂಟ್ ಕೂಡಿಸಿ ನೋಡಿ. ಸ್ಕೋರ್ 7–4 ಅಂದುಕೊಳ್ಳಿ. ಆಗಿರುವುದು 11 ಪಾಯಿಂಟ್. ಎರಡೆರಡರಂತೆ ಐದು ಸರದಿ ಮುಗಿದು ಒಂದು ಪಾಯಿಂಟ್ ಮಿಕ್ಕಿದೆ. ಹಾಗಾದರೆ ನಡೆಯುತ್ತಿರುವುದು ಆರನೇ ಸರದಿ. ಮೊದಲು ಸರ್ವ್ ಮಾಡಿದವರದ್ದು ಬೆಸ ಸರದಿಗಳು. ಆರನೆಯದು ಎರಡನೆಯವರದ್ದು, ಅವರಿಗೆ ಇನ್ನೊಂದು ಸರ್ವ್ ಬಾಕಿ.

10–10 ಆದರೆ ಲೆಕ್ಕ ಬದಲಾಗುತ್ತದೆ. ಮೊದಲು ಸರ್ವ್ ಮಾಡಿದವರೇ ಮತ್ತೆ ಶುರು ಮಾಡುತ್ತಾರೆ, ಆಮೇಲೆ ಒಬ್ಬರಿಗೆ ಒಂದೇ ಸರ್ವ್. 11–10 ಸಾಲದು, ಎರಡು ಪಾಯಿಂಟ್ ಅಂತರ ಬರುವವರೆಗೂ ಆಡುತ್ತಲೇ ಇರಬೇಕು.